ಪಾಸ್‌ವರ್ಡ್ ಮರೆತ ಮೇಲೆ

ಬ್ಯಾಂಕಿನ ಆ್ಯಪ್‌ಗೋ ಇಮೇಲ್‌ಗೋ ಇಟ್ಟ ಪಾಸ್‌ವರ್ಡ್ ಮರೆತರೆ ಮೊಬೈಲಿಗೊಂದು ಒಟಿಪಿ ಬರುತ್ತದೆ, ಹೊಸದನ್ನು ಇಟ್ಟುಕೊಂಡು ಕೆಲಸ ಮುಂದುವರಿಸುತ್ತೇವೆ. ಅಲ್ಲಿ ನಮ್ಮ ಖಾತೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವುದರಿಂದ ಅವರು ಬಾಗಿಲು ತೆಗೆದುಕೊಡಬಲ್ಲರು. ನಮ್ಮದೇ ಲ್ಯಾಪ್‌ಟಾಪಿನ ಫೋಲ್ಡರನ್ನು ವೆರಾಕ್ರಿಪ್ಟ್‌ನಲ್ಲೋ ಜಿಪಿಜಿಯಲ್ಲೋ ಭದ್ರಪಡಿಸಿದಾಗ ಅಂಥವರು ಯಾರೂ ಇರುವುದಿಲ್ಲ. ಎರಡೂ ಉಚಿತ ತಂತ್ರಾಂಶಗಳು. ಎರಡರಲ್ಲೂ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಗುಂಡಿ ಇಲ್ಲ.

ಹಾಗಂತ ಮರೆತ ತಕ್ಷಣ ಎಲ್ಲ ಮುಗಿಯಿತು ಎನ್ನುವಂತೆಯೂ ಇಲ್ಲ. ಯಾವಾಗ ಮುಗಿಯಿತು, ಯಾವಾಗ ಇಲ್ಲ ಎಂದು ತಿಳಿಯಬೇಕಾದರೆ ಒಳಗಿನ ಏರ್ಪಾಡನ್ನು ಸ್ವಲ್ಪ ನೋಡಬೇಕು.

ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರು ಆಸ್ತಿ ಪತ್ರ, ಪಹಣಿ, ಉಯಿಲಿನ ಸ್ಕ್ಯಾನ್ ಪ್ರತಿಗಳನ್ನೆಲ್ಲ ವೆರಾಕ್ರಿಪ್ಟ್‌ಗೆ ಹಾಕಿಟ್ಟಿದ್ದರು. Create Volume ಒತ್ತಿ, ಎಷ್ಟು ಜಾಗ ಬೇಕೆಂದು ಹೇಳಿ, ಪಾಸ್‌ವರ್ಡ್ ಕೊಟ್ಟರೆ ಅಷ್ಟು ಗಾತ್ರದ ಒಂದೇ ಫೈಲ್ ಹುಟ್ಟುತ್ತದೆ. ಅವರು ಕೇಳಿದ್ದು 5 ಜಿಬಿ. ಆ ಫೈಲನ್ನು Mount ಮಾಡಿ ಪಾಸ್‌ವರ್ಡ್ ಬರೆದರೆ ಪೆನ್‌ಡ್ರೈವ್ ಚುಚ್ಚಿದಂತೆ ಹೊಸದೊಂದು ಡ್ರೈವ್ ತೆರೆದುಕೊಳ್ಳುತ್ತದೆ. ಮುಚ್ಚಿದರೆ ಉಳಿಯುವುದು ಅರ್ಥವಿಲ್ಲದ ಬೈಟುಗಳ ರಾಶಿ. ಏಳೆಂಟು ತಿಂಗಳು ಅವರು ಅದನ್ನು ಮುಟ್ಟಲಿಲ್ಲ. ತಮ್ಮಂದಿರ ನಡುವೆ ಜಮೀನಿನ ಮಾತು ಬಂದಾಗ ತೆರೆಯಲು ಹೋದರೆ ಪಾಸ್‌ವರ್ಡ್ ನೆನಪಾಗಲಿಲ್ಲ. ಡೇಟಾ ರಿಕವರಿ ಮಾಡುವ ಅಂಗಡಿಗೆ ಒಯ್ದರು. ಅಂಗಡಿಯ ಹುಡುಗ ನೋಡಿ ಹೇಳಿದ: “ಸರ್, ಅಳಿಸಿದ್ದ ಫೈಲ್ ಇದ್ರ ಎತ್ತಿಕೊಡತೀನ್ರಿ. ಇದೇನು ಅಳಿಸಿಲ್ಲ, ಇಲ್ಲೇ ಐತಿ. ಓದಾಕ ಬರಂಗಿಲ್ಲ, ಅಷ್ಟ.”

ಹುಡುಗ ಸರಿಯಾಗಿಯೇ ಹೇಳಿದ್ದ. ಆ ಐದು ಜಿಬಿಯನ್ನು ಗೂಢಲಿಪಿಗೆ ತಿರುಗಿಸಿದ್ದು ಮೇಷ್ಟ್ರ ಪಾಸ್‌ವರ್ಡ್ ಅಲ್ಲವೇ ಅಲ್ಲ. ಫೈಲ್ ಹುಟ್ಟುವಾಗ ವೆರಾಕ್ರಿಪ್ಟ್ ತಾನೇ ಒಂದು ಉದ್ದನೆಯ ಕೀಲಿಯನ್ನು ಅಡ್ಡಾದಿಡ್ಡಿಯಾಗಿ ಸೃಷ್ಟಿಸಿಕೊಳ್ಳುತ್ತದೆ. ಆಗ ಮೌಸನ್ನು ಅತ್ತಿತ್ತ ಆಡಿಸಿ ಎಂದು ಕೇಳುವುದು ಅದಕ್ಕಾಗಿಯೇ. ಒಳಗಿನದನ್ನೆಲ್ಲ ಮುಚ್ಚುವುದು ಆ ಕೀಲಿ. ಪಾಸ್‌ವರ್ಡಿನ ಕೆಲಸ ಆ ಕೀಲಿಯನ್ನು ಮುಚ್ಚುವುದಷ್ಟೇ. ದೊಡ್ಡ ಟ್ರಂಕಿನ ಬೀಗದ ಕೈಯನ್ನು ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಟ್ರಂಕಿಗೇ ಅಂಟಿಸಿದ ಹಾಗೆ. ಆ ಡಬ್ಬಿಗೆ ಹೆಡರ್ ಎಂದು ಹೆಸರು. ಫೈಲಿನ ಮೊದಲ 512 ಬೈಟುಗಳಲ್ಲೇ ಅದು ಮುಗಿದುಹೋಗುತ್ತದೆ. ಕೆಟ್ಟುಹೋದೀತೆಂದು ಇನ್ನೊಂದು ಪ್ರತಿ ಫೈಲಿನ ಕೊನೆಯಲ್ಲೂ ಇರುತ್ತದೆ. ಅದಕ್ಕೂ ಅದೇ ಪಾಸ್‌ವರ್ಡ್ ಬೇಕಾದ್ದರಿಂದ ಮರೆತವರಿಗೆ ಅದರಿಂದ ಪ್ರಯೋಜನವಿಲ್ಲ.

ನಾವು ಬರೆದ ಪಾಸ್‌ವರ್ಡನ್ನು ವೆರಾಕ್ರಿಪ್ಟ್ ನೇರವಾಗಿ ಹೆಡರಿಗೆ ಹಾಕಿ ನೋಡುವುದಿಲ್ಲ. ಸಾಮಾನ್ಯ ಹೊಂದಿಕೆಯಲ್ಲಿ ಅದನ್ನು 5 ಲಕ್ಷ ಸಲ ಅರೆದು, ಬಂದದ್ದರಿಂದ ಹೆಡರನ್ನು ಬಿಡಿಸುತ್ತದೆ. ಬಿಡಿಸಿದ್ದರಲ್ಲಿ VERA ಎಂಬ ನಾಲ್ಕಕ್ಷರ ಕಂಡರೆ, ಜೊತೆಗಿನ ತಾಳೆಯ ಲೆಕ್ಕವೂ ಕೂಡಿಬಂದರೆ ಪಾಸ್‌ವರ್ಡ್ ಸರಿ. ನಮಗೆ ಇದು ಕ್ಷಣಮಾತ್ರದ ವಿಳಂಬ. ಊಹಿಸುತ್ತ ಕೂತವನಿಗೆ ಇದೇ ಗೋಡೆ. ಸೆಕೆಂಡಿಗೆ ಒಂದು ಪ್ರಯತ್ನ ಎಂದಿಟ್ಟುಕೊಂಡರೆ, ಮನಬಂದಂತೆ ಆರಿಸಿದ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ 20 ಸಾವಿರ ಕೋಟಿಗೂ ಹೆಚ್ಚು ಸಾಧ್ಯತೆಗಳಿವೆ. ಎಲ್ಲವನ್ನೂ ನೋಡಿ ಮುಗಿಸಲು 6,600 ವರ್ಷ. ಸಾವಿರ ಪಟ್ಟು ವೇಗದ ಯಂತ್ರ ತಂದರೂ ಆರೂವರೆ ವರ್ಷ.

ಮೇಷ್ಟ್ರು ಪೂರ್ತಿ ಮರೆತಿರಲಿಲ್ಲ, ಅದೇ ಅವರನ್ನು ಉಳಿಸಿತು. ತಾಯಿಯ ತವರೂರಿನ ಹೆಸರು, ಯಾವುದೋ ಒಂದು ಇಸವಿ, ಕೊನೆಗೊಂದು ಚಿಹ್ನೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಅವರು ಬರೆಯಬಹುದಾದ ಬಗೆ ನಾಲ್ಕು. ಮೊದಲಕ್ಷರ ದೊಡ್ಡದೋ ಸಣ್ಣದೋ ಎಂದು ಎರಡು. ಇಸವಿ ಅರವತ್ತು, ಚಿಹ್ನೆ ಹತ್ತು. ಗುಣಿಸಿದರೆ 4,800. ಸೆಕೆಂಡಿಗೆ ಒಂದರಂತೆ ಎಂಬತ್ತು ನಿಮಿಷದ ಕೆಲಸ. ಮಗಳು ಪಟ್ಟಿಯನ್ನು ತಯಾರಿಸಿ, ಫೈಲಿನ ಮೊದಲ 512 ಬೈಟುಗಳನ್ನು ಹ್ಯಾಶ್‌ಕ್ಯಾಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟಳು. ಬಾಗಿಲು ತೆರೆಯಿತು. ಇಸವಿ ಹುಟ್ಟಿದ್ದಲ್ಲ, ನೌಕರಿಗೆ ಸೇರಿದ್ದು.

ಆದ್ದರಿಂದ ಮರೆತವರು ಮೊದಲು ಮಾಡಬೇಕಾದ್ದು ನೆನಪಿನ ತುಣುಕುಗಳನ್ನು ಕಾಗದಕ್ಕಿಳಿಸುವುದು. ಕ್ಯಾಪ್ಸ್‌ಲಾಕ್ ಒತ್ತಿತ್ತೇ, ಕೀಲಿಮಣೆ ಕನ್ನಡದಲ್ಲಿತ್ತೇ ಎಂಬುದನ್ನೂ ಪಟ್ಟಿಗೆ ಸೇರಿಸಿ. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ಟಿದ್ದರೆ ಒಂದು ತೊಡಕಿದೆ: ‘ಕೊ’ದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ತಂತ್ರಾಂಶಕ್ಕೆ ಬೇರೆ ಬೇರೆ. ಇನ್ನು, ಡ್ರೈವ್ ಇನ್ನೂ ತೆರೆದೇ ಇರುವಾಗ ಪಾಸ್‌ವರ್ಡ್ ಮರೆತದ್ದು ಗೊತ್ತಾದರೆ ಕಂಪ್ಯೂಟರನ್ನು ಆರಿಸಲೇಬೇಡಿ. ಹಳೆಯದು ಗೊತ್ತಿಲ್ಲದೆ ಪಾಸ್‌ವರ್ಡ್ ಬದಲಾಯಿಸಲು ಬಾರದು, ಫೈಲುಗಳನ್ನು ಹೊರಗೆ ನಕಲು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಮುಂಜಾಗ್ರತೆಯ ದಾರಿಯೊಂದು ವೆರಾಕ್ರಿಪ್ಟ್‌ನಲ್ಲೇ ಇದೆ, ಬಳಸುವವರು ಕಡಿಮೆ. ಪಾಸ್‌ವರ್ಡ್ ಬದಲಾಯಿಸಿದಾಗ ಐದು ಜಿಬಿಯನ್ನು ಮತ್ತೆ ಬರೆಯುವುದಿಲ್ಲ. ಒಳಗಿನ ಕೀಲಿ ಅದೇ ಇರುತ್ತದೆ, ಹೆಡರ್ ಮಾತ್ರ ಹೊಸ ಪಾಸ್‌ವರ್ಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಅಂದಮೇಲೆ ಹಳೆಯ ಹೆಡರನ್ನು ತಂದು ಕೂರಿಸಿದರೆ ಹಳೆಯ ಪಾಸ್‌ವರ್ಡೇ ಮತ್ತೆ ನಡೆಯಬೇಕಲ್ಲ? ನಡೆಯುತ್ತದೆ. ಮಗಳು ತನಗೆ ಗೊತ್ತಿರುವ ಪಾಸ್‌ವರ್ಡಿನಿಂದ ಫೈಲನ್ನು ಸೃಷ್ಟಿಸಿ, Volume Tools ಒಳಗಿನ Backup Volume Header ಒತ್ತಿ ಹೆಡರಿನ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಆಮೇಲೆ ಅಪ್ಪ ತಮಗೆ ಬೇಕಾದ ಪಾಸ್‌ವರ್ಡ್ ಇಟ್ಟುಕೊಳ್ಳಲಿ. ಅವರು ಮರೆತ ದಿನ ಮಗಳು Restore Volume Header ಒತ್ತಿ ಹಳೆಯ ಹೆಡರನ್ನು ಕೂರಿಸಿದರೆ ಅವಳ ಪಾಸ್‌ವರ್ಡಿಗೇ ಫೈಲ್ ತೆರೆಯುತ್ತದೆ, ಒಳಗಿನ ಹೊಸ ಕಾಗದಗಳೂ ಸಿಗುತ್ತವೆ.

ಇದರ ಇನ್ನೊಂದು ಮುಖ ಅಷ್ಟು ಹಿತವಲ್ಲ. ಪಾಸ್‌ವರ್ಡ್ ಯಾರಿಗೋ ಗೊತ್ತಾಯಿತೆಂದು ಬದಲಾಯಿಸಿದಿರಿ ಅನ್ನಿ. ಆತನ ಬಳಿ ಆ ಫೈಲಿನ ಹಳೆಯ ಪ್ರತಿಯೊಂದು ಇದ್ದರೆ ಅದರಲ್ಲಿ ಹಳೆಯ ಹೆಡರೂ ಇರುತ್ತದೆ. ಅದರಿಂದ ಇಂದಿನ ಫೈಲನ್ನೂ ತೆರೆಯಬಹುದು. ಗುಟ್ಟು ನಿಜವಾಗಿ ಬಯಲಾಗಿದ್ದರೆ ಹೊಸ ಫೈಲ್ ಸೃಷ್ಟಿಸಿ ಎಲ್ಲವನ್ನೂ ಅಲ್ಲಿಗೆ ಸಾಗಿಸುವುದೊಂದೇ ಸರಿಯಾದ ಮಾರ್ಗ.

ಜಿಪಿಜಿಯಲ್ಲಿ ಇಂಥ ಹೆಡರ್ ಬ್ಯಾಕಪ್ ಇಲ್ಲ, ಎರಡು ಕೀಲಿಗೆ ತೆರೆಯುವಂತೆ ಮೊದಲೇ ಮುಚ್ಚುವ ಅವಕಾಶವಿದೆ. ಮಗಳ ಸಾರ್ವಜನಿಕ ಕೀಲಿ ಅಪ್ಪನ ಕಂಪ್ಯೂಟರಿನಲ್ಲಿದ್ದರೆ ಹೀಗೆ:

```
tar -czf asti.tar.gz asti
gpg -c -e -r magalu asti.tar.gz
```

ಮೊದಲ ಸಾಲು ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟುತ್ತದೆ. ಎರಡನೆಯದು ಪಾಸ್‌ವರ್ಡ್ ಕೇಳಿ `asti.tar.gz.gpg` ಸೃಷ್ಟಿಸುತ್ತದೆ. ಅಪ್ಪನ ಪಾಸ್‌ವರ್ಡಿಗೂ ಅದು ತೆರೆಯುತ್ತದೆ, ಮಗಳ ಖಾಸಗಿ ಕೀಲಿಗೂ ತೆರೆಯುತ್ತದೆ. ಬರೀ `-c` ಹಾಕಿ ಮುಚ್ಚಿದ ಹಳೆಯ ಫೈಲಿಗೆ ಆಮೇಲೆ ಮಗಳ ಕೀಲಿಯನ್ನು ಸೇರಿಸಬೇಕೆಂದರೆ ಅದನ್ನು ಬಿಡಿಸಿ ಮತ್ತೆ ಮುಚ್ಚಬಹುದು. ಮೂಲ ಫೋಲ್ಡರನ್ನು ಜಿಪಿಜಿ ಮುಟ್ಟುವುದಿಲ್ಲ, ಅದು ಹಾಗೇ ತೆರೆದುಬಿದ್ದಿರುತ್ತದೆ. ಅದನ್ನು ಅಳಿಸುವ ಮೊದಲು ಪಾಸ್‌ವರ್ಡ್ ನಡೆಯುತ್ತದೆಯೇ ಎಂದು ನೋಡಿಕೊಳ್ಳುವುದು ವಾಡಿಕೆ, ಅಲ್ಲೇ ಹಲವರು ಮೋಸಹೋಗುತ್ತಾರೆ. ಈಗಷ್ಟೇ ಕೊಟ್ಟ ಪಾಸ್‌ವರ್ಡನ್ನು ಜಿಪಿಜಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದರಿಂದ ಕೇಳದೆಯೇ ಫೈಲ್ ತೆರೆದುಬಿಡುತ್ತದೆ. `gpgconf --reload gpg-agent` ಎಂದು ಆ ನೆನಪನ್ನು ಅಳಿಸಿ, ಆಮೇಲೆ `gpg -d -o nodu.tar.gz asti.tar.gz.gpg` ಎಂದರೆ ಪಾಸ್‌ವರ್ಡ್ ಕೇಳುತ್ತದೆ. ಆಗ ಬೆರಳುಗಳಿಗೆ ಅದು ತಾನಾಗಿ ಬರದಿದ್ದರೆ ಮೂಲ ಫೋಲ್ಡರನ್ನು ಅಳಿಸುವ ಹೊತ್ತು ಇನ್ನೂ ಬಂದಿಲ್ಲ.