ಐವತ್ತು ಮಿಲಿಸೆಕೆಂಡಿನ ನಿಖರ ಲೆಕ್ಕ

ಡಿಜಿಟಲ್ ನಿಯಂತ್ರಕವೊಂದು ಮೋಟರನ್ನು ನಡೆಸುವಾಗ ಕಾಲ ಎರಡು ಬಗೆಯಲ್ಲಿ ಸಾಗುತ್ತದೆ. ಮೋಟರಿಗೆ ಕಾಲ ಎಡೆಬಿಡದೆ ಹರಿಯುವಂಥದ್ದು. ಅದರ ವೇಗ, ಕೋನ ಎರಡೂ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ನಿಯಂತ್ರಕದ ಚಿಪ್ಪಿಗೆ ಕಾಲವೆಂದರೆ ಟೈಮರ್ ಎಬ್ಬಿಸಿದ ಕ್ಷಣಗಳು ಮಾತ್ರ. ಎಚ್ಚರಗೊಂಡಾಗಲೆಲ್ಲ ಅದು ಸಂವೇದಕವನ್ನು ಓದಿ, ಲೆಕ್ಕ ಹಾಕಿ, ಒಂದು ವೋಲ್ಟೇಜನ್ನು ಹೊರಗೆ ಕೊಡುತ್ತದೆ. ಮುಂದಿನ ಸಲ ಎಚ್ಚರಗೊಳ್ಳುವವರೆಗೂ ಆ ವೋಲ್ಟೇಜ್ ಇದ್ದಲ್ಲೇ ಇರುತ್ತದೆ. ನಕ್ಷೆಯಲ್ಲಿ ಬರೆದರೆ ಮೆಟ್ಟಿಲುಗಳಂತೆ ಕಾಣುವ ಈ ಏರ್ಪಾಡಿಗೆ ಜೀರೋ ಆರ್ಡರ್ ಹೋಲ್ಡ್ ಎಂದು ಹೆಸರು.

ನಿಯಂತ್ರಕವನ್ನು ರೂಪಿಸುವವರಿಗೆ ಬೇಕಾದದ್ದು ಒಂದು ಪ್ರಶ್ನೆಯ ಉತ್ತರ: ಈ ಸ್ಯಾಂಪಲ್‌ನಲ್ಲಿ ಮೋಟರಿನ ಸ್ಥಿತಿ ಇಂತಿದ್ದು, ಕೊಟ್ಟ ವೋಲ್ಟೇಜ್ ಇಷ್ಟಿದ್ದರೆ, ಮುಂದಿನ ಸ್ಯಾಂಪಲ್‌ನಲ್ಲಿ ಸ್ಥಿತಿ ಏನಾಗಿರುತ್ತದೆ? ವೋಲ್ಟೇಜ್ ನಡುವೆ ಅಲುಗಾಡುವುದಿಲ್ಲ ಎನ್ನುವುದು ಖಚಿತವಾದ್ದರಿಂದ ಇದಕ್ಕೆ ಅಂದಾಜಿನ ಉತ್ತರವಲ್ಲ, ನಿಖರವಾದ ಉತ್ತರವೇ ಸಿಗುತ್ತದೆ.

ಒಂದು ಡಿಸಿ ಮೋಟರನ್ನು ತೆಗೆದುಕೊಳ್ಳೋಣ. ಅದರ ಸ್ಥಿತಿ ಎಂದರೆ ಎರಡು ಸಂಖ್ಯೆಗಳು: ಶಾಫ್ಟ್‌ನ ಕೋನ θ ಮತ್ತು ವೇಗ ω. ಕೋನ ಬದಲಾಗುವ ದರವೇ ವೇಗ. ವೇಗವೋ, ವೋಲ್ಟೇಜ್ ನಿಗದಿ ಮಾಡಿದ ಅಂತಿಮ ಮಟ್ಟದತ್ತ ನಿಧಾನಕ್ಕೆ ಸರಿಯುತ್ತದೆ. ಒಂದು ವೋಲ್ಟಿಗೆ ಅಂತಿಮ ವೇಗ ಸೆಕೆಂಡಿಗೆ 10 ರೇಡಿಯನ್ (K = 10), ಸರಿಯುವ ಕಾಲಾಂಕ 0.1 ಸೆಕೆಂಡ್ (τ = 0.1) ಎಂದಿರಲಿ.

dθ/dt = ω
dω/dt = −ω/τ + (K/τ)u

ಇದನ್ನೇ ಒಟ್ಟಾಗಿ dx/dt = Ax + Bu ಎಂದು ಬರೆಯುವುದು ರೂಢಿ. x ಎಂಬುದು ಸ್ಥಿತಿ, u ಎಂಬುದು ವೋಲ್ಟೇಜ್, A ಮತ್ತು B ಮೋಟರಿನ ಗುಣಗಳನ್ನು ಹೊತ್ತ ಮ್ಯಾಟ್ರಿಕ್ಸ್‌ಗಳು. ಸ್ಯಾಂಪಲ್‌ಗಳ ನಡುವಿನ ಅಂತರ T = 0.05 ಸೆಕೆಂಡ್, ಅಂದರೆ 50 ಮಿಲಿಸೆಕೆಂಡ್.

ಮೊದಲು ಹೊಳೆಯುವ ದಾರಿ ಆಯ್ಲರ್ ವಿಧಾನ: ಈ ಕ್ಷಣದ ಬದಲಾವಣೆಯ ದರವನ್ನು T ಯಿಂದ ಗುಣಿಸಿ ಈಗಿನ ಸ್ಥಿತಿಗೆ ಕೂಡಿಸಿಬಿಡುವುದು. ನಿಂತಿರುವ ಮೋಟರಿಗೆ ಒಂದು ವೋಲ್ಟ್ ಕೊಟ್ಟರೆ 50 ಮಿಲಿಸೆಕೆಂಡಿನ ನಂತರ ವೇಗ 5, ಕೋನ 0 ಎಂದು ಅದು ಹೇಳುತ್ತದೆ. ವೇಗ ಏರುತ್ತ ಹೋದಂತೆ ಏರಿಕೆಯ ದರ ತಗ್ಗುವುದನ್ನೂ, ಅಷ್ಟರಲ್ಲಿ ಶಾಫ್ಟ್ ಒಂದಿಷ್ಟು ತಿರುಗಿರುವುದನ್ನೂ ಈ ಲೆಕ್ಕ ಗಮನಿಸುವುದೇ ಇಲ್ಲ. T ದೊಡ್ಡದಾದಂತೆ ತಪ್ಪು ಇನ್ನೂ ಕೆಟ್ಟ ರೂಪ ತಾಳುತ್ತದೆ. ಈ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ವೇಗ 1 − T/τ ಯಿಂದ ಗುಣಿಸಲ್ಪಡುತ್ತದೆ. T = 0.25 ಆದರೆ ಆ ಗುಣಕ −1.5. ವಿದ್ಯುತ್ ತೆಗೆದರೆ ತಾನಾಗಿ ನಿಲ್ಲುವ ಮೋಟರು ಲೆಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಹೆಚ್ಚು ಹೆಚ್ಚು ರಭಸದಿಂದ ತಿರುಗತೊಡಗುತ್ತದೆ.

ನಿಖರ ಉತ್ತರ ಎಲ್ಲಿಂದ ಬರುತ್ತದೆ ಎಂಬುದನ್ನು ವೇಗದ ಸಮೀಕರಣವೊಂದರಲ್ಲೇ ಕಾಣಬಹುದು. ವೋಲ್ಟೇಜ್ ಇಲ್ಲದಿದ್ದರೆ T ಸೆಕೆಂಡಿನಲ್ಲಿ ವೇಗ e^(−T/τ) ಪಾಲಿಗೆ ಇಳಿಯುತ್ತದೆ. ಇಲ್ಲಿ ಅದು e^(−0.5) = 0.6065. ಅದೇ T = 0.25 ಆಗಿದ್ದರೆ 0.0821. T ಎಷ್ಟೇ ದೊಡ್ಡದಾಗಲಿ, ಈ ಗುಣಕ ಸೊನ್ನೆಗಿಂತ ಕೆಳಗೆ ಇಳಿಯುವುದೂ ಇಲ್ಲ, ಒಂದನ್ನು ದಾಟುವುದೂ ಇಲ್ಲ. ಹಲವು ಸಂಖ್ಯೆಗಳ ಸ್ಥಿತಿಗೂ ಇದೇ ನಿಯಮ. ಘಾತದ ಜಾಗದಲ್ಲಿ ಒಂದು ಸಂಖ್ಯೆಯ ಬದಲು ಮ್ಯಾಟ್ರಿಕ್ಸ್ ಕೂರುತ್ತದೆ ಅಷ್ಟೆ. ಶಾಲೆಯಲ್ಲಿ ಕಲಿತ e^x ನ ಶ್ರೇಢಿಯಲ್ಲಿ x ಬದಲು AT ಇಟ್ಟರೆ ಮ್ಯಾಟ್ರಿಕ್ಸ್ ಎಕ್ಸ್‌ಪೊನೆನ್ಷಿಯಲ್ ಸಿಗುತ್ತದೆ:

e^(AT) = I + AT + (AT)²/2! + (AT)³/3! + …

ಮೊದಲ ಎರಡು ಪದಗಳಿಗೇ ನಿಂತುಬಿಟ್ಟರೆ ಅದೇ ಆಯ್ಲರ್ ವಿಧಾನ. ಪೂರ್ತಿ ಮೊತ್ತವನ್ನು ತೆಗೆದುಕೊಂಡರೆ ಒಂದು ಸ್ಯಾಂಪಲ್‌ನಿಂದ ಮುಂದಿನ ಸ್ಯಾಂಪಲ್‌ಗೆ ಸ್ಥಿತಿಯನ್ನು ಒಯ್ಯುವ ನಿಯಮ ಹೀಗಾಗುತ್ತದೆ:

x[k+1] = Ad x[k] + Bd u[k]
Ad = e^(AT),  Bd = (∫₀ᵀ e^(As) ds) B

Bd ಯಲ್ಲಿರುವ ಅನುಕಲನದ ಅರ್ಥ ಸರಳ. ವೋಲ್ಟೇಜ್ ಆ 50 ಮಿಲಿಸೆಕೆಂಡಿನ ಪ್ರತಿ ಕ್ಷಣವೂ ಮೋಟರನ್ನು ಒಂದಿಷ್ಟು ತಳ್ಳುತ್ತದೆ. ಮೊದಲು ತಳ್ಳಿದ್ದರ ಪರಿಣಾಮ ಅವಧಿ ಮುಗಿಯುವ ಹೊತ್ತಿಗೆ ಕೊಂಚ ಮಾಸಿರುತ್ತದೆ, ಕೊನೆಗೆ ತಳ್ಳಿದ್ದು ಹಾಗೇ ಉಳಿದಿರುತ್ತದೆ. ಅವೆಲ್ಲದರ ಮೊತ್ತವೇ Bd. ವೋಲ್ಟೇಜ್ ಸ್ಥಿರವಾಗಿರುವುದರಿಂದಲೇ u ಅನ್ನು ಅನುಕಲನದ ಹೊರಗೆ ತರಲು ಸಾಧ್ಯವಾಯಿತು. ಜೀರೋ ಆರ್ಡರ್ ಹೋಲ್ಡ್‌ನ ನೆರವೆಲ್ಲ ಇರುವುದು ಈ ಒಂದು ಹೆಜ್ಜೆಯಲ್ಲಿ.

ಅನುಕಲನವನ್ನು ಲೆಕ್ಕ ಹಾಕಲು ಹಲವು ಪುಸ್ತಕಗಳು ಒಂದು ಚುಟುಕು ಸೂತ್ರ ಕೊಡುತ್ತವೆ: Bd = A⁻¹(Ad − I)B. ನೋಡಲು ಚೆಂದವಾಗಿದ್ದರೂ ನಮ್ಮ ಮೋಟರಿಗೆ ಇದು ಒದಗುವುದಿಲ್ಲ. A ಯ ಮೊದಲ ಕಂಬ ಪೂರ್ತಿ ಸೊನ್ನೆ, ಹಾಗಾಗಿ ಅದಕ್ಕೆ ವಿಲೋಮವೇ ಇಲ್ಲ. ಇದು ಗಣಿತದ ಆಕಸ್ಮಿಕವಲ್ಲ. ಶಾಫ್ಟ್ ಯಾವ ಕೋನದಲ್ಲಿದ್ದರೂ ಮೋಟರಿಗೆ ಒಂದೇ. ಇಂಥ ಕೋನಕ್ಕೇ ಮರಳಬೇಕೆಂಬ ಸೆಳೆತ ಅದಕ್ಕಿಲ್ಲ. ಕಾರಿನ ಸ್ಥಾನಕ್ಕೂ ತೊಟ್ಟಿಯಲ್ಲಿ ತುಂಬುವ ನೀರಿನ ಮಟ್ಟಕ್ಕೂ ಇದೇ ಮಾತು. ನಿತ್ಯ ಎದುರಾಗುವ ಯಂತ್ರಗಳಲ್ಲೇ ಸೂತ್ರ ಕೈಕೊಡುವುದರಿಂದ ಅದನ್ನು ಸಾರ್ವತ್ರಿಕ ದಾರಿಯೆಂದು ಕಲಿಸುವುದು ಸರಿಯಲ್ಲ. ವಿಲೋಮ ಇದ್ದಾಗಲೂ T ತೀರ ಚಿಕ್ಕದಾದರೆ Ad ಮತ್ತು I ಬಹುತೇಕ ಒಂದೇ ಆಗಿ, ಕಳೆಯುವಾಗ ಬೆಲೆಯುಳ್ಳ ಅಂಕಿಗಳು ಅಳಿಸಿಹೋಗುತ್ತವೆ.

ಇದಕ್ಕಿಂತ ಭದ್ರವಾದ ದಾರಿ ಇದೆ. ಇಂಥ ಅನುಕಲನಗಳನ್ನು ದೊಡ್ಡದೊಂದು ಮ್ಯಾಟ್ರಿಕ್ಸ್‌ನ ಎಕ್ಸ್‌ಪೊನೆನ್ಷಿಯಲ್‌ನಿಂದಲೇ ಪಡೆಯುವ ಬಗೆಯನ್ನು ಚಾರ್ಲ್ಸ್ ವಾನ್ ಲೋನ್ 1978ರ ಪ್ರಬಂಧವೊಂದರಲ್ಲಿ ವಿವರಿಸಿದರು. ಅದರ ಹಿಂದಿನ ವಿಚಾರ ಹೀಗಿದೆ: ಅವಧಿಯುದ್ದಕ್ಕೂ ವೋಲ್ಟೇಜ್ ಬದಲಾಗದಿದ್ದರೆ ಅದರ ಬದಲಾವಣೆಯ ದರ ಸೊನ್ನೆ, du/dt = 0. ಹಾಗಾದರೆ ವೋಲ್ಟೇಜನ್ನೂ ಸ್ಥಿತಿಯ ಇನ್ನೊಂದು ಸಂಖ್ಯೆಯೆಂದೇ ಎಣಿಸಬಹುದು. ಕೋನ, ವೇಗ, ವೋಲ್ಟೇಜ್ ಮೂರೂ ಸೇರಿದ ಈ ಹಿಗ್ಗಿದ ವ್ಯವಸ್ಥೆಗೆ ಹೊರಗಿನಿಂದ ಯಾವ ಪ್ರಚೋದನೆಯೂ ಇಲ್ಲ. ಅನುಕಲನವೂ ಬೇಡ, ವಿಲೋಮವೂ ಬೇಡ. ಒಂದೇ ಎಕ್ಸ್‌ಪೊನೆನ್ಷಿಯಲ್ ಸಾಕು. ಪೈಥಾನ್‌ನಲ್ಲಿ:

```python
import numpy as np
from scipy.linalg import expm

tau, K, T = 0.1, 10.0, 0.05
M = np.array([[0, 1,      0],
              [0, -1/tau, K/tau],
              [0, 0,      0]])
E = expm(M*T)
Ad, Bd = E[:2, :2], E[:2, 2:]
```

E ಯ ಎಡಮೇಲಿನ ಭಾಗ Ad, ಬಲಮೇಲಿನ ಭಾಗ Bd. ಕೊನೆಯ ಸಾಲು 0, 0, 1 ಆಗಿರಲೇಬೇಕು, ಏಕೆಂದರೆ ವೋಲ್ಟೇಜ್ ಹಾಗೇ ಉಳಿಯುತ್ತದೆ ಎಂದು ಹೇಳುವ ಸಾಲು ಅದು. ಸಿಗುವ ನಿಯಮ:

θ[k+1] = θ[k] + 0.03935 ω[k] + 0.10653 u[k]
ω[k+1] = 0.60653 ω[k] + 3.93469 u[k]

ನಿಂತ ಮೋಟರಿಗೆ ಒಂದು ವೋಲ್ಟ್ ಕೊಟ್ಟರೆ 50 ಮಿಲಿಸೆಕೆಂಡಿನ ನಂತರದ ನಿಜವಾದ ವೇಗ 3.93, ಆಯ್ಲರ್ ಹೇಳಿದ 5 ಅಲ್ಲ. ಶಾಫ್ಟ್ ಕೂಡ ಅಷ್ಟರಲ್ಲಿ 0.107 ರೇಡಿಯನ್, ಅಂದರೆ ಸುಮಾರು ಆರು ಡಿಗ್ರಿ ತಿರುಗಿರುತ್ತದೆ.

ಇಲ್ಲಿ ಆಗುವ ಸಾಮಾನ್ಯ ತಪ್ಪೊಂದಿದೆ: `expm` ಬದಲು `np.exp` ಬರೆಯುವುದು. ಅದು ಮ್ಯಾಟ್ರಿಕ್ಸ್‌ನ ಒಂದೊಂದು ಸಂಖ್ಯೆಗೂ ಬೇರೆಬೇರೆಯಾಗಿ ಘಾತ ಹಚ್ಚುತ್ತದೆ. ಪ್ರೋಗ್ರಾಂ ಯಾವ ದೂರೂ ಇಲ್ಲದೆ ಓಡುತ್ತದೆ, ಆದರೆ e^0 = 1 ಆದ್ದರಿಂದ ಸೊನ್ನೆ ಇರಬೇಕಾದ ಕಡೆಯೆಲ್ಲ ಒಂದು ಬಂದು ಕೂರುತ್ತದೆ. ಕೊನೆಯ ಸಾಲು 1, 1, 1 ಎಂದು ಕಂಡರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆಯೂ ಇದೆ. ಉತ್ತರ ನಿಖರವಾಗಿದ್ದರೆ, 25 ಮಿಲಿಸೆಕೆಂಡಿನ ಎರಡು ಹೆಜ್ಜೆ ಸೇರಿ 50 ಮಿಲಿಸೆಕೆಂಡಿನ ಒಂದು ಹೆಜ್ಜೆಗೆ ಸಮನಾಗಬೇಕು. 25 ಮಿಲಿಸೆಕೆಂಡಿಗೆ ವೇಗದ ಗುಣಕ 0.77880, ವೋಲ್ಟೇಜಿನ ಪಾಲು 2.21199. ಎರಡನೇ ಹೆಜ್ಜೆಯ ಕೊನೆಗೆ ವೇಗ 0.77880 × 2.21199 + 2.21199 = 3.93469. ಒಂದೇ ಹೆಜ್ಜೆಯಲ್ಲಿ ಬಂದದ್ದೂ ಅದೇ. ಆಯ್ಲರ್ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ: ಎರಡು ಅರ್ಧ ಹೆಜ್ಜೆ ಇಟ್ಟರೆ ಅದರ ಉತ್ತರ 5 ರಿಂದ 4.375ಕ್ಕೆ ಬದಲಾಗಿಬಿಡುತ್ತದೆ.

`expm` ಒಳಗೆ ನಡೆಯುವುದು ಮೇಲಿನ ಶ್ರೇಢಿಯನ್ನು ನೇರವಾಗಿ ಕೂಡಿಸುವ ಕೆಲಸವಲ್ಲ. ಹಾಗೆ ಕೂಡಿಸುವುದರ ಅಪಾಯ ತಿಳಿಯಲು e^(−20) ಸಾಕು. ಅದರ ಬೆಲೆ ಒಂದು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಸುಮಾರು 0.000000002. ಶ್ರೇಢಿಯಲ್ಲೋ ನಾಲ್ಕು ಕೋಟಿಯನ್ನು ಮೀರುವ ಪದಗಳು ಧನ ಋಣವಾಗಿ ಬಂದು ಒಂದನ್ನೊಂದು ಅಳಿಸಬೇಕು. ಹದಿನಾರು ಅಂಕಿ ಹಿಡಿಯುವ ಕಂಪ್ಯೂಟರಿನಲ್ಲಿ ಉಳಿಯುವ ದುಂಡಿಕೆಯ ತಪ್ಪೇ ಉತ್ತರದಷ್ಟು ದೊಡ್ಡದು. ಮೋಟರಿನ ಸುರುಳಿಯ ಕರೆಂಟನ್ನೂ ಸ್ಥಿತಿಗೆ ಸೇರಿಸಿದರೆ ಇಂಥ ಸಂಖ್ಯೆಗಳು ಎದುರಾಗುತ್ತವೆ: ಅದರ ಕಾಲಾಂಕ ಒಂದು ಮಿಲಿಸೆಕೆಂಡ್ ಇದ್ದರೆ AT ಯಲ್ಲಿ −50 ಬಂದು ಕೂರುತ್ತದೆ. ಕ್ಲೀವ್ ಮೋಲರ್ ಮತ್ತು ವಾನ್ ಲೋನ್ 1978ರಲ್ಲೇ ಈ ಎಕ್ಸ್‌ಪೊನೆನ್ಷಿಯಲನ್ನು ಕಂಡುಹಿಡಿಯುವ ಹತ್ತೊಂಬತ್ತು ವಿಧಾನಗಳನ್ನು ಒರೆಗೆ ಹಚ್ಚಿ, ಅವೆಲ್ಲವನ್ನೂ ಸಂಶಯಾಸ್ಪದವೆಂದು ಪ್ರಬಂಧದ ಹೆಸರಿನಲ್ಲೇ ಕರೆದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ ಮ್ಯಾಟ್ರಿಕ್ಸನ್ನು ಎರಡರ ಒಂದು ಘಾತದಿಂದ ಭಾಗಿಸಿ ಚಿಕ್ಕದು ಮಾಡುತ್ತದೆ, ಆ ಚಿಕ್ಕದರ ಎಕ್ಸ್‌ಪೊನೆನ್ಷಿಯಲನ್ನು ಎರಡು ಬಹುಪದಗಳ ಅನುಪಾತವಾಗಿ ಕಂಡುಕೊಳ್ಳುತ್ತದೆ, ಬಳಿಕ ಅದನ್ನು ಮತ್ತೆ ಮತ್ತೆ ವರ್ಗ ಮಾಡಿ ಮೂಲ ಗಾತ್ರಕ್ಕೆ ಮರಳುತ್ತದೆ. ನಿಕೋಲಸ್ ಹೈಯಮ್ 2005ರಲ್ಲಿ ಈ ವಿಧಾನವನ್ನು ಹದಗೊಳಿಸಿದರು. ಅರ್ಧ ಹೆಜ್ಜೆಗಳ ಪರೀಕ್ಷೆಯ ತತ್ವವೇ ಇಲ್ಲಿ ಲೆಕ್ಕದ ಸಾಧನವಾಗಿರುವುದು ಗಮನಿಸುವಂಥದ್ದು.

ನಿಖರ ಎಂಬ ಮಾತು ಎಲ್ಲಿಯವರೆಗೆ ನಿಜ ಎಂಬುದನ್ನೂ ಹೇಳಬೇಕು. ಈ ನಿಯಮ ಸ್ಯಾಂಪಲ್‌ನ ಕ್ಷಣಗಳಲ್ಲಿ ಮಾತ್ರ ಸ್ಥಿತಿಯನ್ನು ತಿಳಿಸುತ್ತದೆ, ನಡುವಿನ ಏರಿಳಿತವನ್ನಲ್ಲ. ಸ್ಪ್ರಿಂಗಿನಂತೆ ತೂಗುವ ಭಾಗವೊಂದಿದ್ದು, ಅದರ ಒಂದು ಪೂರ್ತಿ ತೂಗಾಟಕ್ಕೆ ಹಿಡಿಯುವ ಕಾಲವೇ T ಆಗಿಬಿಟ್ಟರೆ, ಪ್ರತಿ ಸ್ಯಾಂಪಲ್‌ನಲ್ಲೂ ಅದು ಅದೇ ಜಾಗದಲ್ಲಿ ಕಾಣುತ್ತದೆ. ತೂಗಾಟ ಅಂಕಿಗಳಿಂದಲೇ ಮರೆಯಾಗುತ್ತದೆ, ನಿಯಂತ್ರಕದ ಹಿಡಿತಕ್ಕೂ ಸಿಗುವುದಿಲ್ಲ. ಮೋಟರಿನ ಮೇಲೆ ಬೀಳುವ ಹೊರಗಿನ ಭಾರ ಮೆಟ್ಟಿಲಿನಂತೆ ಬದಲಾಗುವುದಿಲ್ಲವಾದ್ದರಿಂದ ಅದಕ್ಕೂ Bd ಯಂಥದೇ ಸೂತ್ರ ಹಚ್ಚಿದರೆ ಅದು ಬರೀ ಅಂದಾಜು.

ವೋಲ್ಟೇಜ್ ಹೊರಬರುವುದು ತಡವಾಗುವುದು ಇನ್ನೊಂದು ತೊಡಕು, ಆದರೆ ಇದಕ್ಕೆ ನಿಖರ ಪರಿಹಾರವಿದೆ. ಲೆಕ್ಕ ಮುಗಿಸಲು ಚಿಪ್ಪಿಗೆ 10 ಮಿಲಿಸೆಕೆಂಡ್ ಬೇಕಾದರೆ ಅಷ್ಟು ಹೊತ್ತು ಹಿಂದಿನ ವೋಲ್ಟೇಜೇ ಮುಂದುವರಿಯುತ್ತದೆ, ಉಳಿದ 40 ಮಿಲಿಸೆಕೆಂಡ್ ಹೊಸದು. ಎರಡು ತುಂಡುಗಳಲ್ಲೂ ವೋಲ್ಟೇಜ್ ಸ್ಥಿರವೇ, ಹಾಗಾಗಿ ಒಂದೊಂದಕ್ಕೂ ಅದೇ ಲೆಕ್ಕ ಹಾಕಿ ಜೋಡಿಸಬಹುದು:

ω[k+1] = 0.60653 ω[k] + 0.63789 u[k−1] + 3.29680 u[k]

ಕೊನೆಯ ಎರಡು ಗುಣಕಗಳ ಮೊತ್ತ ಮತ್ತೆ 3.93469. ತಡವಾದದ್ದರಿಂದ ವೋಲ್ಟೇಜಿನ ಒಟ್ಟು ಪ್ರಭಾವ ತಗ್ಗಿಲ್ಲ. ಅದರ ಸುಮಾರು ಆರನೇ ಒಂದು ಪಾಲು ಹಳೆಯ ಆದೇಶದ ಕೈಯಲ್ಲಿ ಉಳಿದಿದೆ. ಹಾಗಾಗಿ ನಿಯಂತ್ರಕ ತನ್ನ ಹಿಂದಿನ ವೋಲ್ಟೇಜನ್ನೂ ನೆನಪಿಟ್ಟುಕೊಂಡು ಸ್ಥಿತಿಯ ಭಾಗವಾಗಿ ಎಣಿಸಬೇಕಾಗುತ್ತದೆ. ಈ ತಡ ಪ್ರತಿ ಸಲವೂ ಒಂದೇ ಆಗಿದ್ದರೆ ಗುಣಕಗಳನ್ನು ಒಮ್ಮೆ ಕಂಡುಹಿಡಿದು ಚಿಪ್ಪಿನಲ್ಲಿ ಬರೆದಿಟ್ಟರೆ ಸಾಕು. ತಡವಾಗಲಿ T ಯಾಗಲಿ ಒಂದೊಂದು ಸಲ ಒಂದೊಂದು ಬಗೆಯಾದರೆ, ಎಕ್ಸ್‌ಪೊನೆನ್ಷಿಯಲನ್ನು ಆಯಾ ಅವಧಿಗೆ ಹೊಸದಾಗಿಯೇ ಲೆಕ್ಕ ಹಾಕಬೇಕು.