ಸಿಬಿಡಿ ಎಣ್ಣೆ, ನಿದ್ದೆ ಬರಿಸುವ ಮಾತ್ರೆ ಮತ್ತು ಲಿವರ್

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು 2015ರಲ್ಲಿ 13 ಮಕ್ಕಳ ರಕ್ತಪರೀಕ್ಷೆಯ ವಿವರಗಳನ್ನು ಪ್ರಕಟಿಸಿದರು. ಯಾವ ಔಷಧಕ್ಕೂ ಬಗ್ಗದ ಮೂರ್ಛೆರೋಗ ಆ ಮಕ್ಕಳದು. ಮೊದಲಿನಿಂದಲೂ ಅವರು ಕ್ಲೋಬಜಾಮ್ ಎಂಬ ಮಾತ್ರೆ ನುಂಗುತ್ತಿದ್ದರು. ಅದರ ಜೊತೆಗೆ ಗಾಂಜಾ ಗಿಡದಿಂದ ತೆಗೆದ ಸಿಬಿಡಿಯನ್ನು ಎಣ್ಣೆಯ ರೂಪದಲ್ಲಿ ಕೊಡಲಾಯಿತು. 9 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಆದರೆ 10 ಮಕ್ಕಳಿಗೆ ಅಡ್ಡಪರಿಣಾಮಗಳೂ ಕಾಣಿಸಿಕೊಂಡವು, ಅವುಗಳಲ್ಲಿ ಮುಖ್ಯವಾದದ್ದು ಮಂಪರು.

ರಕ್ತ ತೆಗೆದು ನೋಡಿದಾಗ ಕಾರಣ ಸಿಕ್ಕಿತು. ಸಿಬಿಡಿ ಸೇರಿಸಿದ ನಾಲ್ಕು ವಾರಗಳಲ್ಲಿ ರಕ್ತದಲ್ಲಿದ್ದ ಕ್ಲೋಬಜಾಮ್ ಸರಾಸರಿ 60 ಶೇಕಡ ಏರಿತ್ತು. ಕ್ಲೋಬಜಾಮ್ ದೇಹದೊಳಗೆ ಮಾರ್ಪಟ್ಟು ಆಗುವ ನಾರ್‌ಕ್ಲೋಬಜಾಮ್ ಎಂಬ ವಸ್ತುವಂತೂ ಸರಾಸರಿ 500 ಶೇಕಡ, ಅಂದರೆ ಮೊದಲಿದ್ದುದರ ಆರರಷ್ಟಾಗಿತ್ತು. ಮಾತ್ರೆ ಹೆಚ್ಚಿಸಿ ಕೊಟ್ಟದ್ದರಿಂದ ಆದದ್ದಲ್ಲ ಇದು. ವೈದ್ಯರು ಕ್ಲೋಬಜಾಮ್ ಪ್ರಮಾಣವನ್ನು ಇಳಿಸಿದಾಗ ಮಕ್ಕಳು ಚೇತರಿಸಿಕೊಂಡರು.

ಈ ಸಂಗತಿ ನಮ್ಮ ಓದುಗರಿಗೂ ತಿಳಿದಿರಬೇಕು ಎಂದು ನನಗನ್ನಿಸುವುದಕ್ಕೆ ಕಾರಣವಿದೆ. ಕ್ಲೋಬಜಾಮ್ ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲೂ ಸಿಗುವ, ಮೂರ್ಛೆರೋಗಕ್ಕೆ ಇಲ್ಲಿನ ವೈದ್ಯರು ಧಾರಾಳವಾಗಿ ಬರೆಯುವ ಮಾತ್ರೆ. ಇನ್ನೊಂದು ಕಡೆ, ಭಂಗಿ ಸೊಪ್ಪಿನಿಂದ ತೆಗೆದ ಎಣ್ಣೆಗಳು ‘ವಿಜಯಾ’ ಎಂಬ ಹೆಸರಿನಲ್ಲಿ ಆಯುರ್ವೇದದ ಪರವಾನಗಿಯ ಮೇಲೆ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ. ಗಾಂಜಾ ಗಿಡದ ಹೂತುದಿ ಮತ್ತು ರಾಳವನ್ನು ನಿಷೇಧಿಸುವ 1985ರ ಮಾದಕವಸ್ತು ಕಾಯ್ದೆ ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಾಗಾಗಿ ಒಂದೇ ಮನೆಯ ಒಂದೇ ಕಪಾಟಿನಲ್ಲಿ ಇವೆರಡೂ ಸೇರುವುದು ಈಗ ಸುಲಭ. ಮಾತ್ರೆ ಬರೆದ ವೈದ್ಯರಿಗೆ ಎಣ್ಣೆಯ ವಿಷಯ ಗೊತ್ತಿರುವುದಿಲ್ಲ, ಎಣ್ಣೆ ಕೊಟ್ಟವರು ಮಾತ್ರೆಯ ವಿಷಯ ಕೇಳಿರುವುದಿಲ್ಲ.

ಇಲ್ಲಿ ಎರಡು ಬಗೆಯಲ್ಲಿ ಮಂಪರು ಕೂಡಿಕೊಳ್ಳುತ್ತದೆ. ಮೊದಲನೆಯದು ಯಾರಿಗೂ ಊಹಿಸಲು ಬರುವಂಥದು: ಮಾತ್ರೆ ತಾನಾಗಿಯೇ ಮಿದುಳನ್ನು ಶಾಂತಗೊಳಿಸುತ್ತದೆ, ಎಣ್ಣೆಯೂ ತೂಕಡಿಕೆ ತರುತ್ತದೆ, ಎರಡೂ ಸೇರಿದರೆ ಹೆಚ್ಚಾಗುತ್ತದೆ. ಸೊಪ್ಪಿನ ಎಣ್ಣೆಯಲ್ಲಿ ಅಮಲು ತರುವ ಟಿಎಚ್‌ಸಿ ಕೂಡ ಇದ್ದರೆ ಮಂಪರು ಇನ್ನಷ್ಟು ದಟ್ಟವಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು, ಲಿವರ್‌ನಲ್ಲಿ ನಡೆಯುವಂಥದು.

ನಾವು ನುಂಗಿದ ಬಹಳಷ್ಟು ಔಷಧಗಳನ್ನು ಒಡೆದು ಹೊರಹಾಕಲು ಸಿದ್ಧಗೊಳಿಸುವ ಕಿಣ್ವಗಳು ಲಿವರ್‌ನ ಜೀವಕೋಶಗಳಲ್ಲಿವೆ. ಅವುಗಳಲ್ಲಿ ಒಂದರ ಹೆಸರು ಸಿವೈಪಿ 2ಸಿ19. ಕ್ಲೋಬಜಾಮ್ ಮೊದಲು ಬೇರೊಂದು ಕಿಣ್ವದಿಂದ ನಾರ್‌ಕ್ಲೋಬಜಾಮ್ ಆಗುತ್ತದೆ. ಇದೂ ನಿದ್ದೆ ಬರಿಸುವ ವಸ್ತುವೇ. ಅದನ್ನು ಮುಂದೆ ಒಡೆಯುವ ಕೆಲಸ ಮುಖ್ಯವಾಗಿ 2ಸಿ19ರದ್ದು. ಸಿಬಿಡಿ ಈ ಕಿಣ್ವವನ್ನು ತಡೆಯುತ್ತದೆ. ಕೆರೆಗೆ ನೀರು ಬರುವ ಕಾಲುವೆ ಹಾಗೆಯೇ ಇದ್ದು ತೂಬು ಮಾತ್ರ ಮುಚ್ಚಿಕೊಂಡರೆ ಏನಾಗುತ್ತದೋ ರಕ್ತದಲ್ಲಿ ಆಗುವುದೂ ಅದೇ. ದಿನದ ಮಾತ್ರೆ ಅಷ್ಟೇ ಇರುತ್ತದೆ, ಆದರೆ ಒಳಗೆ ನಾರ್‌ಕ್ಲೋಬಜಾಮ್ ತುಂಬುತ್ತ ಹೋಗುತ್ತದೆ.

ಮೋಸ ಹೋಗುವುದು ಇಲ್ಲಿಯೇ. ನಾರ್‌ಕ್ಲೋಬಜಾಮ್ ನಿಧಾನವಾಗಿ ಕರಗುವ ವಸ್ತು. ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಸುಮಾರು ಮೂರು ದಿನ ಬೇಕು, ತೂಬು ಮುಚ್ಚಿದ ಮೇಲೆ ಇನ್ನೂ ಹೆಚ್ಚು. ಆದ್ದರಿಂದ ಅದು ಹೊಸ ಎತ್ತರಕ್ಕೆ ಏರಿ ನಿಲ್ಲಲು ಎರಡು ವಾರವಾದರೂ ಹಿಡಿಯುತ್ತದೆ. ಎಣ್ಣೆ ಶುರುಮಾಡಿದ ದಿನ ಏನೂ ಆಗುವುದಿಲ್ಲ. ‘ಒಗ್ಗಿತು’ ಎಂದು ಮನೆಯವರು ನಿರಾಳವಾಗುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. 20 ಕಿಲೋ ತೂಕದ ಮಗು, ಬೆಳಿಗ್ಗೆ 5, ರಾತ್ರಿ 10 ಮಿಲಿಗ್ರಾಂ ಕ್ಲೋಬಜಾಮ್ ತೆಗೆದುಕೊಳ್ಳುತ್ತಿದೆ ಎಂದುಕೊಳ್ಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿದ ಶುದ್ಧ ಸಿಬಿಡಿ ಔಷಧ ಎಪಿಡಿಯೋಲೆಕ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಆರಂಭದ ಪ್ರಮಾಣ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ, ಅಂದರೆ ಈ ಮಗುವಿಗೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಿಲಿಲೀಟರು. ಒಂದು ವಾರದ ನಂತರ ಇದು ಎರಡರಷ್ಟಾಗುತ್ತದೆ. ಮೊದಲ ವಾರ ಮಗು ಚುರುಕಾಗಿಯೇ ಇರಬಹುದು. ಎರಡನೇ ವಾರದಲ್ಲಿ ಬೆಳಿಗ್ಗೆ ಏಳಿಸಿದರೆ ಏಳುವುದಿಲ್ಲ, ತರಗತಿಯಲ್ಲಿ ತಲೆ ಬಾಗಿಸಿ ಮಲಗುತ್ತದೆ, ಜೊಲ್ಲು ಹೆಚ್ಚುತ್ತದೆ, ನಡೆಯುವಾಗ ಓಲಾಡುತ್ತದೆ, ಊಟ ಬಾಯಲ್ಲೇ ಉಳಿಯುತ್ತದೆ. ಮಂಪರಿನಲ್ಲಿ ತಿನ್ನಿಸಿದ ಅನ್ನ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಇದು ರೋಗ ಉಲ್ಬಣಿಸಿದ್ದರ ಲಕ್ಷಣ ಎಂದು ತಾಯ್ತಂದೆ ಹೆದರಬಹುದು, ಅಥವಾ ಫಿಟ್ಸ್ ನಿಂತಿದೆಯಲ್ಲ, ಮಲಗಲಿ ಎಂದು ಸುಮ್ಮನಿರಬಹುದು. ಮಾಡಬೇಕಾದ್ದು ಆ ಎರಡೂ ಅಲ್ಲ. ವೈದ್ಯರಿಗೆ ಅದೇ ದಿನ ತಿಳಿಸಬೇಕು. ಸಾಮಾನ್ಯವಾಗಿ ಅವರು ಕ್ಲೋಬಜಾಮನ್ನು ಹಂತಹಂತವಾಗಿ ಇಳಿಸುತ್ತಾರೆ. ಇಳಿಸಿದ ಪರಿಣಾಮ ಕಾಣಲೂ ಕೆಲವು ದಿನ ಬೇಕು, ಏಕೆಂದರೆ ಒಳಗೆ ಕೂಡಿದ್ದು ಖಾಲಿಯಾಗಬೇಕು. ಮನೆಯವರೇ ಗಾಬರಿಯಿಂದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್‌ಗೆ ದಾರಿಯಾಗುತ್ತದೆ, ಅದು ಜೀವಕ್ಕೇ ಅಪಾಯ.

ಎಪಿಡಿಯೋಲೆಕ್ಸ್ ಜೊತೆ ಕೊಡುವ ಅಧಿಕೃತ ಮಾಹಿತಿ ಪತ್ರದಲ್ಲಿ ಈ ವ್ಯತ್ಯಾಸ ಅಂಕಿಗಳಲ್ಲೇ ಇದೆ. ಕ್ಲೋಬಜಾಮ್ ಜೊತೆ ಸಿಬಿಡಿ ತೆಗೆದುಕೊಂಡವರಲ್ಲಿ 46 ಶೇಕಡ ಮಂದಿಗೆ ಮಂಪರು ಕಾಡಿತು, ಕ್ಲೋಬಜಾಮ್ ಇಲ್ಲದೆ ತೆಗೆದುಕೊಂಡವರಲ್ಲಿ 16 ಶೇಕಡ. ಹಾಗೆಂದು ಈ ಜೋಡಿ ನಿಷಿದ್ಧವೆಂದಲ್ಲ. ಯುರೋಪಿನ ಒಕ್ಕೂಟ 2019ರಲ್ಲಿ ಈ ಔಷಧಕ್ಕೆ ಮೊದಲು ಒಪ್ಪಿಗೆ ಕೊಟ್ಟಾಗ ಕ್ಲೋಬಜಾಮ್ ಜೊತೆಯಲ್ಲೇ ಕೊಡಬೇಕೆಂದು ಹೇಳಿತ್ತು. ಗೊತ್ತಿದ್ದು, ಅಳೆದು, ಗಮನಿಸುತ್ತ ಕೊಟ್ಟರೆ ಇದೊಂದು ಚಿಕಿತ್ಸೆ. ಗೊತ್ತಿಲ್ಲದೆ ಮನೆಯಲ್ಲೇ ಬೆರೆಸಿಕೊಂಡರೆ ಅಪಾಯ.

ಇನ್ನು ಹಲವರು ಕೈಗೆ ತೆಗೆದುಕೊಳ್ಳುವ ರಿಪೋರ್ಟಿನ ವಿಷಯ. ‘ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿದ್ದೇವೆ, ಎಲ್ಲ ನಾರ್ಮಲ್ ಇದೆ’ ಎಂಬ ಸಮಾಧಾನ ಇಲ್ಲಿ ಅರ್ಧ ಮಾತ್ರ ಸರಿ. ಆ ರಿಪೋರ್ಟಿನಲ್ಲಿರುವ ಎಸ್‌ಜಿಪಿಟಿ, ಎಸ್‌ಜಿಒಟಿಗಳು ಲಿವರ್‌ನ ಜೀವಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರಿ ಬರುವ ಕಿಣ್ವಗಳು. ಔಷಧ ಒಡೆಯುವ 2ಸಿ19 ಆ ರಿಪೋರ್ಟಿನಲ್ಲಿ ಇರುವುದೇ ಇಲ್ಲ. ಲಿವರ್ ಸಂಪೂರ್ಣ ಆರೋಗ್ಯವಾಗಿದ್ದು, ಎಸ್‌ಜಿಪಿಟಿ 25 ಇದ್ದರೂ, ನಾರ್‌ಕ್ಲೋಬಜಾಮ್ ಮೂರು ಪಟ್ಟು ಏರಿರಬಹುದು. ಅದನ್ನು ಹೇಳುವುದು ಮಗುವಿನ ಮಂಪರು, ಇಲ್ಲವೇ ಔಷಧದ ಮಟ್ಟವನ್ನೇ ಅಳೆಯುವ ಪ್ರತ್ಯೇಕ ರಕ್ತಪರೀಕ್ಷೆ.

ಎಸ್‌ಜಿಪಿಟಿ ಹೇಳುವುದು ಸಿಬಿಡಿಯ ಬೇರೊಂದು ತೊಂದರೆಯನ್ನು. ಹೆಚ್ಚಿನ ಪ್ರಮಾಣದಲ್ಲಿ ಸಿಬಿಡಿ ಕೆಲವರ ಲಿವರ್ ಜೀವಕೋಶಗಳನ್ನೇ ನೋಯಿಸುತ್ತದೆ. ಮೂರ್ಛೆರೋಗದ ಇನ್ನೊಂದು ಸಾಮಾನ್ಯ ಔಷಧವಾದ ವಾಲ್ಪ್ರೊಯೇಟ್ ಜೊತೆಗಿದ್ದರೆ ಈ ಅಪಾಯ ಬಹಳ ಹೆಚ್ಚು. ಎಪಿಡಿಯೋಲೆಕ್ಸ್‌ನ ಪ್ರಯೋಗಗಳಲ್ಲಿ ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದ್ದು ವಾಲ್ಪ್ರೊಯೇಟ್ ಮತ್ತು ಕ್ಲೋಬಜಾಮ್ ಎರಡೂ ಇದ್ದವರಲ್ಲಿ 30 ಶೇಕಡ, ಎರಡೂ ಇಲ್ಲದವರಲ್ಲಿ 3 ಶೇಕಡ. ಬಹುಪಾಲು ಏರಿಕೆ ಮೊದಲ ಎರಡು ತಿಂಗಳಲ್ಲೇ ಆಗುತ್ತದೆ. ಅದಕ್ಕಾಗಿ ಶುರುಮಾಡುವ ಮೊದಲು, ಆಮೇಲೆ ಒಂದು, ಮೂರು, ಆರು ತಿಂಗಳಿಗೆ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ವಾಲ್ಪ್ರೊಯೇಟ್ ಇದ್ದರೆ ಇನ್ನೂ ಬೇಗಬೇಗ. ಐದು ಪಟ್ಟು ದಾಟಿ ಅಲ್ಲೇ ನಿಂತರೆ, ಅಥವಾ ಮೂರು ಪಟ್ಟಿನ ಜೊತೆಗೆ ಬಿಲಿರುಬಿನ್ ಎರಡು ಪಟ್ಟು ದಾಟಿದರೆ ಸಿಬಿಡಿ ನಿಲ್ಲಿಸಬೇಕು.

ಇದು ರೋಗಿಗಳ ಮಾತಷ್ಟೇ ಅಲ್ಲ. ಎಫ್‌ಡಿಎ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರಿಗೆ 28 ದಿನ, ದಿನಕ್ಕೆ ಕಿಲೋಗೆ 5 ಮಿಲಿಗ್ರಾಂನಂತೆ ಸಿಬಿಡಿ ಕೊಡಲಾಯಿತು. 60 ಕಿಲೋ ತೂಕದವರಿಗೆ ಅದು 300 ಮಿಲಿಗ್ರಾಂ. ಅವರಲ್ಲಿ 5.6 ಶೇಕಡ ಮಂದಿಯ ಲಿವರ್ ಕಿಣ್ವಗಳು ಮೂರು ಪಟ್ಟು ದಾಟಿದವು. ಸಿಬಿಡಿ ಇಲ್ಲದ ಸಪ್ಪೆ ಔಷಧ ತೆಗೆದುಕೊಂಡವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ.

ನಿದ್ದೆ ಬಾರದ ಹಿರಿಯರು ರಾತ್ರಿ ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆಯೂ ಒಂದು ಮಾತು ಬೇಕು, ಏಕೆಂದರೆ ಎಲ್ಲ ಮಾತ್ರೆಗಳ ದಾರಿಯೂ ಒಂದೇ ಅಲ್ಲ. ಡಯಾಜೆಪಾಮ್ ಕರಗುವುದರಲ್ಲಿ 2ಸಿ19ಕ್ಕೆ ಪಾಲಿದೆ, ಹಾಗಾಗಿ ಅದರ ಜೊತೆ ಸಿಬಿಡಿ ಸೇರಿದರೆ ಕ್ಲೋಬಜಾಮ್‌ನಂಥದೇ ಎಚ್ಚರ ಬೇಕು. ಆಲ್ಪ್ರಜೋಲಾಮ್ ಕರಗುವುದು 3ಎ4 ಎಂಬ ಇನ್ನೊಂದು ಕಿಣ್ವದಿಂದ. ಅದೇ ದಾರಿಯ ಮಿಡಜೋಲಾಮ್ ಕೊಟ್ಟು ನೋಡಿದಾಗ ಸಿಬಿಡಿಯಿಂದ ಅದರ ಮಟ್ಟ ಏರಲಿಲ್ಲ. ಆದರೆ ಇದನ್ನು ಅಭಯವೆಂದು ತಿಳಿಯಬಾರದು. ರಕ್ತದಲ್ಲಿ ಮಟ್ಟ ಏರದಿದ್ದರೂ ಎರಡು ಮಂಪರುಗಳು ಮಿದುಳಿನಲ್ಲಿ ಕೂಡಿಯೇ ಕೂಡುತ್ತವೆ. ನಡುರಾತ್ರಿ ಬಚ್ಚಲಿಗೆ ಎದ್ದ ಅಜ್ಜಿ ಕಾಲು ಜಾರಿ ಸೊಂಟ ಮುರಿದುಕೊಳ್ಳಲು ಅಷ್ಟು ಸಾಕು.

2ಸಿ19 ಎಲ್ಲರಲ್ಲೂ ಒಂದೇ ಸಮ ಕೆಲಸ ಮಾಡುವುದೂ ಇಲ್ಲ. ಭಾರತೀಯರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡುವುದಿಲ್ಲವೆನ್ನುವಷ್ಟು ಕಡಿಮೆ. ಯುರೋಪಿಯನ್ನರಲ್ಲಿ ಇಂಥವರು ನಮ್ಮ ಅರ್ಧವೂ ಇಲ್ಲ. ಅಂಥವರಲ್ಲಿ ಬರೀ ಕ್ಲೋಬಜಾಮ್‌ನಿಂದಲೇ ನಾರ್‌ಕ್ಲೋಬಜಾಮ್ ಹಲವು ಪಟ್ಟು ಹೆಚ್ಚಿರುತ್ತದೆ. ಅದರ ಮೇಲೆ ಎಣ್ಣೆಯ ತೂಕಡಿಕೆ.

ಬಾಟಲಿಯ ಮೇಲೆ ಬರೆದದ್ದನ್ನು ಎಷ್ಟು ನಂಬಬಹುದು? ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ತಂದು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. 31 ಶೇಕಡ ಉತ್ಪನ್ನಗಳಲ್ಲಿ ಮಾತ್ರ ಲೇಬಲ್ಲಿನಲ್ಲಿದ್ದಷ್ಟು ಸಿಬಿಡಿ ಇತ್ತು, 18ರಲ್ಲಿ ಟಿಎಚ್‌ಸಿ ಇತ್ತು. ನಮ್ಮಲ್ಲಿ ಸಿಗುವುದು ಸೊಪ್ಪಿನ ಸಾರ, ಅದರಲ್ಲಿ ಟಿಎಚ್‌ಸಿ ಇರುವುದು ಸಹಜ. ಇದಕ್ಕೆ ಊಟವೂ ಸೇರಿಕೊಳ್ಳುತ್ತದೆ: ತುಪ್ಪ, ಎಣ್ಣೆ ಹೆಚ್ಚಿರುವ ಊಟದ ಜೊತೆ ತೆಗೆದುಕೊಂಡರೆ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಸಿಬಿಡಿ ರಕ್ತಕ್ಕೆ ಸೇರುತ್ತದೆ. ಅದೇ ಹನಿಗಳು, ಹಬ್ಬದ ದಿನ ಬೇರೆಯೇ ಡೋಸ್ ಆಗುತ್ತವೆ.

ಭಂಗಿಯನ್ನು ನಮ್ಮ ಔಷಧ ನಿಯಮಗಳು ವಿಷದ್ರವ್ಯಗಳ ಪಟ್ಟಿಯಲ್ಲೇ ಇಟ್ಟಿವೆ, ಅದಿರುವ ಆಯುರ್ವೇದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಫಿಟ್ಸ್ ಅಥವಾ ನಿದ್ದೆಗೆ ಮಾತ್ರೆ ನುಂಗುತ್ತಿದ್ದು ಈ ಎಣ್ಣೆಯನ್ನೂ ಶುರುಮಾಡಿದ್ದರೆ, ಮುಂದಿನ ಭೇಟಿಯಲ್ಲಿ ಬಾಟಲಿಯನ್ನೇ ವೈದ್ಯರ ಮೇಜಿನ ಮೇಲಿಡಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಎಂದು ಶುರುವಾಯಿತು, ದಿನಕ್ಕೆ ಎಷ್ಟು ಹನಿ, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಬರೆದುಕೊಂಡು ಹೋಗಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರಾಟ ನಿಧಾನವಾಗುವುದು, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಕಂಡರೆ ಆ ಭೇಟಿಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.