ಹಳೆಯದೆಲ್ಲ ಬೆಲೆಬಾಳದು: ಪೂಜೆಯ ಪೆಟ್ಟಿಗೆಯ ಬೆಳ್ಳಿ ರೂಪಾಯಿಯ ಲೆಕ್ಕ

ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲ್ವೆ ಕೆಲಸಕ್ಕಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಆಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಹೆಸರಿನ ಈ ನಾಣ್ಯಗಳಿಗೆ ದಿನೇರಿಯಸ್ ಎಂದು ಹೆಸರು. ಇವುಗಳ ವಯಸ್ಸು ಸುಮಾರು 2000 ವರ್ಷ. ಇದೇ ನಗರದ ದಕ್ಷಿಣದಂಚಿನ ಉತ್ತರಹಳ್ಳಿಯಲ್ಲಿ, ಹಳ್ಳಿಯಾಗಿದ್ದ ಕಾಲದಿಂದ ಉಳಿದುಬಂದಿರುವ ಮನೆಗಳ ದೇವರ ಪೆಟ್ಟಿಗೆಗಳಲ್ಲಿ, ಲಕ್ಷ್ಮೀಪೂಜೆಗೆಂದು ತೆಗೆದಿಟ್ಟ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳು ಇಂದಿಗೂ ಸಿಗುತ್ತವೆ. ಇವುಗಳಿಗೆ ಹೆಚ್ಚೆಂದರೆ 200 ವರ್ಷ ಸಂದಿರಬಹುದು. ಹೀಗಿದ್ದರೂ ಅಂಥ ಪೆಟ್ಟಿಗೆಯೊಂದರಲ್ಲಿ 1939ನೆಯ ಇಸವಿಯ ಒಂದು ರೂಪಾಯಿ ಅಪ್ಪಟವಾಗಿ, ಸವೆಯದೆ ಉಳಿದಿದ್ದರೆ, ಸಂಗ್ರಾಹಕರ ಹರಾಜಿನಲ್ಲಿ ಅದು ಟೈಬೀರಿಯಸನ ಸಾಧಾರಣ ದಿನೇರಿಯಸ್ಸಿಗಿಂತ ಹೆಚ್ಚು ಬೆಲೆ ತರಬಲ್ಲದು. ವಯಸ್ಸೇ ಬೆಲೆಯನ್ನು ನಿರ್ಣಯಿಸುವುದಾಗಿದ್ದರೆ ಹೀಗಾಗುವುದು ಸಾಧ್ಯವೇ ಇರಲಿಲ್ಲ.

ಈ ವಿಷಯವನ್ನು ಬಿಡಿಸಿ ನೋಡಲು ಬೆಳ್ಳಿ ರೂಪಾಯಿಯಷ್ಟು ಅನುಕೂಲವಾದ ವಸ್ತು ಬೇರೆ ಸಿಗಲಾರದು. ಏಕೆಂದರೆ ಅದರ ಲೋಹ, ತೂಕ, ಆಕಾರಗಳು ನೂರು ವರ್ಷಕ್ಕೂ ಮಿಕ್ಕಿ ಹೆಚ್ಚುಕಡಿಮೆ ಒಂದೇ ಆಗಿದ್ದು, ಒಂದರ ಬೆಲೆ ಇನ್ನೊಂದಕ್ಕಿಂತ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಲೋಹದ ಹೊರಗೆ ಉತ್ತರ ಹುಡುಕಬೇಕಾಗುತ್ತದೆ. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಅಂದರೆ ಸವೆಯದ ಪ್ರತಿ ರೂಪಾಯಿಯಲ್ಲೂ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿಯಿದೆ. ಆ ದಿನದ ಬೆಳ್ಳಿಯ ದರದಿಂದ ಇದನ್ನು ಗುಣಿಸಿದಾಗ ಬರುವ ಮೊತ್ತವೇ ನಾಣ್ಯದ ಕನಿಷ್ಠ ಬೆಲೆ, ಅಂದರೆ ಕರಗಿಸುವವನೂ ಕೊಡಬಹುದಾದ ಬೆಲೆ. ಪೆಟ್ಟಿಗೆಯಲ್ಲಿರುವ ಬಹುಪಾಲು ರೂಪಾಯಿಗಳು ಈ ಮೊತ್ತದಿಂದ ಹೆಚ್ಚು ದೂರ ಹೋಗುವುದಿಲ್ಲ.

ಅವುಗಳಲ್ಲಿ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು 1862 ಎಂದು ಬರೆದ ವಿಕ್ಟೋರಿಯಾ ರಾಣಿಯ ರೂಪಾಯಿ. ನೂರೈವತ್ತು ವರ್ಷಕ್ಕೂ ಹಳೆಯದು ಎಂಬ ಕಾರಣಕ್ಕೆ ಇದನ್ನು ದೊಡ್ಡ ನಿಧಿಯೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅಂದಿನ ಟಂಕಸಾಲೆಗಳು, ಎಂದರೆ ನಾಣ್ಯ ಅಚ್ಚು ಹಾಕುವ ಸರ್ಕಾರಿ ಕಾರ್ಖಾನೆಗಳು, ಅಚ್ಚಿನಲ್ಲಿದ್ದ ಇಸವಿಯನ್ನು ಬದಲಿಸದೆ 1862 ಎಂದೇ ಒಂದು ದಶಕಕ್ಕೂ ಹೆಚ್ಚು ಕಾಲ ಮುಂದುವರಿಸಿದವು. ಆದ್ದರಿಂದ ಆ ಒಂದೇ ಇಸವಿಯ ಹೆಸರಿನಲ್ಲಿ ಹಲವು ವರ್ಷಗಳ ರೂಪಾಯಿಗಳು ಸೇರಿಕೊಂಡಿವೆ, ಅವು ದೇಶದ ತುಂಬ ಹರಡಿವೆ. ನಾಣ್ಯದ ಮೇಲಿನ ಸಣ್ಣ ಸಣ್ಣ ಚುಕ್ಕಿಗಳ ಸಂಖ್ಯೆ ಮತ್ತು ಸ್ಥಾನ ಬದಲಾಗುತ್ತ ಹೋಗಿದ್ದು, ಅವು ನಿಜವಾದ ವರ್ಷದ ಗುರುತುಗಳೆಂದು ಸಂಗ್ರಾಹಕರು ಭಾವಿಸುತ್ತಾರೆ. ಚುಕ್ಕಿಗಳ ಕೆಲವು ಜೋಡಣೆಗಳು ಅಪರೂಪ, ಹೆಚ್ಚಿನವು ಸಾಮಾನ್ಯ. ಹೀಗೆ ಒಂದೇ ಇಸವಿಯ, ಒಂದೇ ರಾಣಿಯ ಎರಡು ರೂಪಾಯಿಗಳಿಗೆ ಬೇರೆಬೇರೆ ಬೆಲೆ ಬರಬಹುದು. ಅಲ್ಲಿ ವ್ಯತ್ಯಾಸ ತರುವುದು ಭೂತಗನ್ನಡಿಯಡಿ ಮಾತ್ರ ಕಾಣುವ ಒಂದು ಚುಕ್ಕಿಯೇ ಹೊರತು ವಯಸ್ಸಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು 77 ವರ್ಷ ಚಿಕ್ಕದಾದ 1939ರ ರೂಪಾಯಿ. ಆ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಜನ ಬೆಳ್ಳಿಯನ್ನು ಕೂಡಿಡತೊಡಗಿದರು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1941ರಿಂದ 1943ರೊಳಗೆ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜರ ಹಳೆಯ ಬೆಳ್ಳಿ ರೂಪಾಯಿಗಳನ್ನು ಹಂತಹಂತವಾಗಿ ಚಲಾವಣೆಯಿಂದ ತೆಗೆಯಿತು. ಈ ನಡುವೆ ಸಿಕ್ಕಿಬಿದ್ದ 1939ರ ನಾಣ್ಯಗಳಲ್ಲಿ ಜನರ ಕೈಯಲ್ಲಿ ಉಳಿದವು ಬಹಳ ಕಡಿಮೆ. ವಿರಳತೆಯೆಂದರೆ ಇಲ್ಲಿ ಎಷ್ಟು ಅಚ್ಚಾಯಿತು ಎಂಬುದಲ್ಲ, ಎಷ್ಟು ಉಳಿಯಿತು ಎಂಬುದು.

ಆದರೆ ಬರಿಯ ವಿರಳತೆಗೂ ಬೆಲೆ ಬರುವುದಿಲ್ಲ, ಬೇಕೆನ್ನುವವರು ಇರಬೇಕು. 1939ರ ರೂಪಾಯಿಯನ್ನು ಬೇಕೆನ್ನುವವರು ಹುಟ್ಟುವ ಬಗೆ ಗಮನಿಸತಕ್ಕದ್ದು. ಭಾರತದ ಸಂಗ್ರಾಹಕರಲ್ಲಿ ಹಲವರು ಒಬ್ಬ ರಾಜನ ನಾಣ್ಯಗಳನ್ನು ವರ್ಷವಾರು ಸರಣಿಯಾಗಿ ಜೋಡಿಸುತ್ತಾರೆ. ಆರನೆಯ ಜಾರ್ಜನ ರೂಪಾಯಿಗಳ ಸರಣಿ 1938ರಿಂದ 1947ರವರೆಗಿನದು, ಚಿಕ್ಕದು. ಉಳಿದ ವರ್ಷಗಳನ್ನು ಹೆಚ್ಚು ಕಷ್ಟವಿಲ್ಲದೆ ತುಂಬಿಕೊಂಡವರೆಲ್ಲರೂ ಕೊನೆಗೆ ಅದೊಂದೇ ಖಾಲಿ ಜಾಗದ ಮುಂದೆ ಬಂದು ನಿಲ್ಲುತ್ತಾರೆ. ಸುಲಭವಾದ ಸರಣಿಯಲ್ಲಿನ ಕಠಿಣವಾದ ಒಂದು ಸ್ಥಾನ ಬೇಡಿಕೆಯನ್ನು ತಾನೇ ಉಂಟುಮಾಡುತ್ತದೆ. ಇಡೀ ಸರಣಿಯೇ ಕಠಿಣವಾಗಿದ್ದರೆ ಅದನ್ನು ಜೋಡಿಸಲು ಹೊರಡುವವರೇ ಇರುತ್ತಿರಲಿಲ್ಲ. ಪಾಳೆಯಗಾರರ ಕಾಲದ ಸಣ್ಣ ತಾಮ್ರದ ಕಾಸುಗಳ ಗತಿ ಹೀಗೇ ಆಗಿದೆ: ಕೆಲವು 1939ರ ರೂಪಾಯಿಗಿಂತಲೂ ಅಪರೂಪವಾಗಿರಬಹುದು, ಆದರೆ ಅಕ್ಷರ ಸ್ಪಷ್ಟವಿಲ್ಲ, ಹೊರಡಿಸಿದವನು ಯಾರೆಂದು ನಿಶ್ಚಯವಿಲ್ಲ, ಜೋಡಿಸಲು ಪಟ್ಟಿಯಿಲ್ಲ, ಆದ್ದರಿಂದ ಬಹಳ ಕಡಿಮೆ ಬೆಲೆಗೆ ಕೈಬದಲಾಗುತ್ತವೆ.

ವಿರಳತೆ ಪರಮಾವಧಿಯಲ್ಲಿದ್ದೂ ಬೇಡಿಕೆ ಶೂನ್ಯವಾಗಿರುವ ವಸ್ತುವಿಗೆ ಕನ್ನಡನಾಡಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕಕ್ಕೆ ಕಡತ ಎನ್ನುತ್ತಾರೆ. ಊರಿನ ಶಾನುಭೋಗರ ಮನೆಯ ಕಡತ ಪ್ರಪಂಚದಲ್ಲಿ ಒಂದೇ ಒಂದು. ಅದರ ಎರಡನೆಯ ಪ್ರತಿಯಿಲ್ಲ. ಹಳ್ಳಿಯ ಹೊಲ, ಕೆರೆ, ಕಂದಾಯಗಳ ಚರಿತ್ರೆ ಬರೆಯುವವರಿಗೆ ಅದು ಯಾವ ನಾಣ್ಯಕ್ಕಿಂತಲೂ ಹೆಚ್ಚಿನದು. ಆದರೂ ಅದನ್ನು ಕೊಳ್ಳಲು ಪೈಪೋಟಿ ನಡೆಸುವ ಗುಂಪು ಇಲ್ಲದ ಕಾರಣ ಅಂಗಡಿಯಲ್ಲಿ ಅದಕ್ಕೆ ದರವಿಲ್ಲ. ಚಾರಿತ್ರಿಕ ಮಹತ್ವ ಮತ್ತು ಮಾರುಕಟ್ಟೆಯ ಬೆಲೆ ಎರಡು ಬೇರೆ ಅಳತೆಗಳೆಂಬುದನ್ನು ಮರೆತು, ಬೆಲೆ ಬರಲಿಲ್ಲವೆಂದು ಅದೆಷ್ಟೋ ಕಡತಗಳನ್ನು ಒಲೆಗೆ ಹಾಕಿರುವುದು ನಿಜಕ್ಕೂ ತುಂಬಲಾರದ ನಷ್ಟ.

ಕಥೆಯೂ ಬೇಡಿಕೆಯನ್ನು ಬೆಳೆಸುತ್ತದೆ. 1911ರಲ್ಲಿ ಹೊರಟ ಐದನೆಯ ಜಾರ್ಜನ ರೂಪಾಯಿಯಲ್ಲಿ, ರಾಜನ ಉಡುಪಿನ ಮೇಲಿದ್ದ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದು, ಉಳಿದವನ್ನು ಕರಗಿಸಲಾಯಿತು. ಮರುವರ್ಷ ಆನೆಯನ್ನು ತಿದ್ದಿ ಬೇರೆ ಅಚ್ಚು ಮಾಡಲಾಯಿತು. ಈ ಕಥೆಯಿಂದಾಗಿ 'ಹಂದಿ ರೂಪಾಯಿ' ಎಲ್ಲರಿಗೂ ಬೇಕು. ಆದರೆ 7 ಲಕ್ಷವೆಂಬುದು ಸಂಗ್ರಾಹಕರ ಸಂಖ್ಯೆಗೆ ಹೋಲಿಸಿದರೆ ದೊಡ್ಡ ಮೊತ್ತವೇ ಆದ್ದರಿಂದ, ಅದರ ಬೆಲೆ ಲೋಹದ ದರಕ್ಕಿಂತ ಮೇಲಿದ್ದರೂ 1939ರ ಎತ್ತರವನ್ನು ಮುಟ್ಟುವುದಿಲ್ಲ.

ಇನ್ನು ಮೂರನೆಯದು ಗುಣಮಟ್ಟ, ಅಂದರೆ ನಾಣ್ಯದ ಸ್ಥಿತಿ. ಅಚ್ಚಿನಿಂದ ಹೊರಬಂದಾಗಿನ ಹೊಳಪು ಹಾಗೇ ಉಳಿದು, ಬೆಳಕಿನಲ್ಲಿ ಓರೆಮಾಡಿ ತಿರುಗಿಸಿದರೆ ಆ ಹೊಳಪು ಚಕ್ರದ ಅರಗಳಂತೆ ಸುತ್ತುವ ನಾಣ್ಯ ಮೇಲಿನ ದರ್ಜೆಯದು. ಬಳಕೆಯಲ್ಲಿ ಮೊದಲು ಸವೆಯುವುದು ಅತ್ಯಂತ ಎತ್ತರದ ಜಾಗಗಳು, ಅಂದರೆ ಕಿರೀಟದ ಕುಸುರಿ, ಕಿವಿಯ ಬಳಿಯ ಕೂದಲು ಮತ್ತು ಕೆನ್ನೆ. ಅವುಗಳನ್ನು ನೋಡಿಯೇ ದರ್ಜೆ ಕಟ್ಟುತ್ತಾರೆ. ಸವೆತವಾದರೂ ಕ್ಷಮ್ಯ, ಕಾಲ ಮಾಡಿದ್ದು. ನಮ್ಮ ಮನೆಗಳಲ್ಲಿ ನಾಣ್ಯ ಕೆಡುವುದು ಹೆಚ್ಚಾಗಿ ಭಕ್ತಿಯಿಂದ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಮತ್ತು ಪಾತ್ರೆ ಬೆಳಗುವ ಪುಡಿಯಿಂದ ಉಜ್ಜಿದ ರೂಪಾಯಿ ಥಳಥಳಿಸುತ್ತದೆ, ಆದರೆ ಆ ಥಳಕು ಎಲ್ಲೆಡೆ ಒಂದೇ ಸಮನಾಗಿದ್ದು ಸುತ್ತುವುದಿಲ್ಲ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಕೂದಲೆಳೆಯ ಗೀರುಗಳು ಕಾಣುತ್ತವೆ. ಕಾಸಿನ ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯದಲ್ಲಿ, ಕೊಂಡಿ ತೆಗೆದ ಮೇಲೂ, ಅಂಚಿನ ಗೆರೆಗಳು ಆ ಜಾಗದಲ್ಲಿ ಕಡಿದುಹೋಗಿರುತ್ತವೆ. ಈ ಎರಡು ದೋಷಗಳಲ್ಲಿ ಯಾವುದಿದ್ದರೂ ಸಾಮಾನ್ಯ ಇಸವಿಯ ರೂಪಾಯಿ ಲೋಹದ ದರಕ್ಕೆ ಇಳಿದುಬಿಡುತ್ತದೆ.

ಮೂರೂ ಒಂದರ ಮೇಲೊಂದು ಕೆಲಸ ಮಾಡುವ ಬಗೆ ಇಲ್ಲಿ ತಿಳಿಯುತ್ತದೆ. ಅವು ಕೂಡುವ ಸಂಖ್ಯೆಗಳಲ್ಲ, ಗುಣಿಸುವ ಸಂಖ್ಯೆಗಳು; ಒಂದು ಸೊನ್ನೆಯಾದರೆ ಉಳಿದವು ಎಷ್ಟಿದ್ದರೂ ಫಲವಿಲ್ಲ. 1862ರ ರೂಪಾಯಿ ಸವೆದ ಸ್ಥಿತಿಯಲ್ಲಿ ಎಲ್ಲೆಡೆ ಸಿಗುವುದರಿಂದ ಕೊಳ್ಳುವವನು ಆಯ್ಕೆ ಮಾಡಬಲ್ಲ, ಹಾಗಾಗಿ ಅಲ್ಲಿ ಬೆಲೆಯನ್ನೆಲ್ಲ ಗುಣಮಟ್ಟವೇ ನಿರ್ಧರಿಸುತ್ತದೆ. ಬಳಕೆಯಾಗದೆ ಉಳಿದ 1862ರ ನಾಣ್ಯ ತನ್ನ ಸ್ಥಿತಿಯಿಂದಲೇ ವಿರಳವಾಗುತ್ತದೆ. 1939ರದ್ದಾದರೆ ಆಯ್ಕೆಗೆ ಅವಕಾಶವಿಲ್ಲ. ಸವೆದದ್ದಾದರೂ, ಉಜ್ಜಿದ್ದಾದರೂ ಜಾಗ ತುಂಬಲಿ ಎಂದು ಕೊಳ್ಳುವವರಿರುತ್ತಾರೆ. ವಿರಳತೆ ಹೆಚ್ಚಿದಷ್ಟೂ ಗುಣಮಟ್ಟದ ಮೇಲಿನ ಹಟ ಸಡಿಲಾಗುತ್ತದೆ.

ಬೆಲೆ ಇರುವಲ್ಲಿ ಮೋಸವೂ ಇರುತ್ತದೆ. ಸುಲಭವಾಗಿ ಸಿಗುವ 1938ರ ರೂಪಾಯಿಯ ಕೊನೆಯ 8ನ್ನು ಕೊರೆದು 9 ಮಾಡುವುದು ಹಳೆಯ ಕುತಂತ್ರ. ತೂಕ, ಬೆಳ್ಳಿ ಎಲ್ಲವೂ ಸರಿಯಾಗಿಯೇ ಇರುವುದರಿಂದ ತಕ್ಕಡಿ ಇಲ್ಲಿ ಸುಳ್ಳನ್ನು ಹಿಡಿಯದು. ಅಂಕಿಯ ಸುತ್ತಲಿನ ನೆಲದಲ್ಲಿ ಉಳಿಯ ಗೀರು, ತಗ್ಗು, ಮತ್ತು ಎರಡು 9ಗಳ ಆಕಾರದಲ್ಲಿನ ವ್ಯತ್ಯಾಸವನ್ನು ಹುಡುಕಬೇಕು. ಎರಕ ಹೊಯ್ದ ನಕಲಿಯಾದರೆ ಮೈಯಲ್ಲಿ ಸಣ್ಣ ಗುಳಿಗಳಿದ್ದು, ಅಂಚಿನಲ್ಲಿ ಎರಡು ಅರ್ಧ ಕೂಡಿದ ಗೆರೆ ಕಾಣಬಹುದು, ತೂಕವೂ 11.66 ಗ್ರಾಂಗೆ ಹೊಂದುವುದಿಲ್ಲ. ಇದಕ್ಕಿಂತ ಕೆಟ್ಟ ಮೋಸ, ವೈಷ್ಣೋದೇವಿಯ ಚಿತ್ರವಿರುವ ಇತ್ತೀಚಿನ 5 ರೂಪಾಯಿ ನಾಣ್ಯಕ್ಕೂ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ ಮುಂಗಡ ಶುಲ್ಕ ಕೀಳುವುದು. ತನ್ನ ಹೆಸರು ಬಳಸಿ ಹಳೆಯ ನಾಣ್ಯ ಕೊಳ್ಳುವುದಾಗಿ ಹೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಬೇಕಾಯಿತು.

ಉತ್ತರಹಳ್ಳಿಯ ಸುತ್ತ ಹಳೆಯ ಮನೆ ಕೆಡವಿ ಪಾಯ ತೋಡುವುದು ಇನ್ನೂ ನಿಂತಿಲ್ಲ. ನೆಲದಲ್ಲಿ ಕುಡಿಕೆಯೊಂದು ಸಿಕ್ಕರೆ, ಅಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯಿದೆ ಹೇಳುತ್ತದೆ. ಅದನ್ನು ತೊಳೆಯದೆ, ಹಂಚಿಕೊಳ್ಳದೆ ಕೊಡುವುದರಲ್ಲಿ ಕಾನೂನಿಗಿಂತ ಮಿಗಿಲಾದ ಕಾರಣವೊಂದಿದೆ. ಯಶವಂತಪುರದ ಆ 163 ನಾಣ್ಯಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಅವು ರೋಮ್ ಸಾಮ್ರಾಜ್ಯದಲ್ಲಿ ಅಪಾರವಾಗಿ ಅಚ್ಚಾದ, ಇಂದಿಗೂ ಧಾರಾಳವಾಗಿ ಸಿಗುವ ಬೆಳ್ಳಿಯ ಬಿಲ್ಲೆಗಳು. ಒಂದೇ ಜಾಗದಲ್ಲಿ ಒಟ್ಟಿಗೆ ಸಿಕ್ಕು, ಸಿಕ್ಕ ಜಾಗ ದಾಖಲಾದುದರಿಂದಲೇ, 2000 ವರ್ಷದ ಹಿಂದೆ ಕಡಲಾಚೆಯ ಬೆಳ್ಳಿ ಬೆಂಗಳೂರಿನ ಈ ನೆಲದವರೆಗೆ ಹರಿದುಬಂದಿತ್ತು ಎಂಬುದಕ್ಕೆ ಅವು ಸಾಕ್ಷಿಯಾಗಿ ನಿಂತಿವೆ.